ಮರುಪ್ರಯತ್ನಕ್ಕೆ ಯಾವ ತಾರೀಖು?

ತಿಂಗಳ 26ರಂದು ಆಟೋಪೇ ಮೂಲಕ 199 ರೂಪಾಯಿ ಚಂದಾ ಕಡಿತವಾಗಬೇಕು. ಖಾತೆಯಲ್ಲಿರುವುದು 140. ಬ್ಯಾಂಕು ಕೊಡುವುದಿಲ್ಲ. ಚಂದಾದಾರರಿಗೆ ಸೇವೆ ಬೇಡವಾಗಿದೆ ಎಂದೇನಲ್ಲ, ಸಂಬಳಕ್ಕೆ ಇನ್ನೂ ಕೆಲವು ದಿನ ಬಾಕಿ ಇದೆ. ಹೀಗೆ ತಪ್ಪಿದ ನವೀಕರಣದ ಹಣವನ್ನು ಮತ್ತೆ ಕೇಳಿ ವಸೂಲು ಮಾಡುವ ಕೆಲಸಕ್ಕೆ ಚಂದಾ ವ್ಯವಹಾರದವರು ‘ಡನ್ನಿಂಗ್’ ಎನ್ನುತ್ತಾರೆ. ಬೆಂಗಳೂರಿನ ಒಂದು ಸಣ್ಣ ಆ್ಯಪ್ ಕಂಪನಿಯ ಬಿಲ್ಲಿಂಗ್ ವಿಭಾಗಕ್ಕೆ ನಾನು ಸೇರಿದಾಗ ಅಲ್ಲಿದ್ದ ವೇಳಾಪಟ್ಟಿ ಬಹಳ ಸರಳವಾಗಿತ್ತು: ಮೊದಲ ದಿನ ಹಣ ಸಿಗದಿದ್ದರೆ ಮರುದಿನ, ಅದರ ಮರುದಿನ, ಅದರ ಮರುದಿನ. ಅಂದರೆ 27, 28, 29. ಮೂರೂ ಸಲ ಅದೇ ಖಾಲಿ ಖಾತೆ. ಒಂದನೇ ತಾರೀಖು ಸಂಬಳ ಬೀಳುವಷ್ಟರಲ್ಲಿ ಚಂದಾ ರದ್ದಾಗಿರುತ್ತಿತ್ತು.

ಇಂಥ ವೇಳಾಪಟ್ಟಿ ಈಗ ಇನ್ನೂ ದುಬಾರಿ. ಯುಪಿಐ ನಡೆಸುವ ರಾಷ್ಟ್ರೀಯ ಪಾವತಿ ನಿಗಮದ ನಿಯಮದಂತೆ 2025ರ ಆಗಸ್ಟ್ 1ರಿಂದ ಆಟೋಪೇ ಕಡಿತಕ್ಕೆ ಮೊದಲ ಪ್ರಯತ್ನವೂ ಸೇರಿ ಒಟ್ಟು ನಾಲ್ಕೇ ಅವಕಾಶ. ಅವೂ ದಟ್ಟಣೆಯ ಹೊತ್ತು ಬಿಟ್ಟು ನಡೆಯಬೇಕು: ಬೆಳಗ್ಗೆ 10ರಿಂದ ಮಧ್ಯಾಹ್ನ 1ರವರೆಗೆ ಮತ್ತು ಸಂಜೆ 5ರಿಂದ ರಾತ್ರಿ 9.30ರವರೆಗೆ ಕಡಿತಕ್ಕೆ ಜಾಗವಿಲ್ಲ. ಹಾಗಾಗಿ ಎಷ್ಟು ದಿನಕ್ಕೊಮ್ಮೆ ಕೇಳಬೇಕು ಎಂಬ ಪ್ರಶ್ನೆಗಿಂತ, ಉಳಿದ ಮೂರನ್ನು ಯಾವ ತಾರೀಖಿಗೆ, ಯಾವ ಹೊತ್ತಿಗೆ ಇಟ್ಟುಕೊಳ್ಳಬೇಕು ಎಂಬುದೇ ಮುಖ್ಯವಾಯಿತು.

ಅದಕ್ಕೂ ಮೊದಲು ಹಣ ಯಾಕೆ ಬರಲಿಲ್ಲ ಎಂದು ತಿಳಿಯಬೇಕು. ಬ್ಯಾಂಕಿನಿಂದ ಬರುವ ಉತ್ತರದಲ್ಲಿ ಕಾರಣದ ಕೋಡ್ ಇರುತ್ತದೆ. ಯುಪಿಐಯಲ್ಲಿ `Z9` ಎಂದರೆ ಕೊಡುವವರ ಖಾತೆಯಲ್ಲಿ ಸಾಕಷ್ಟು ಹಣವಿಲ್ಲ. ಕಾರ್ಡಿನಲ್ಲಿ ಅದೇ ಮಾತಿಗೆ `51`. ಇವು ಕಾದರೆ ಸರಿಹೋಗುವ ಸೋಲುಗಳು. ಬ್ಯಾಂಕಿನ ಸರ್ವರ್ ಉತ್ತರಿಸಲಿಲ್ಲ ಎಂಬುದೂ ಇದೇ ಗುಂಪಿನದು, ಆದರೆ ಅಲ್ಲಿ ದಿನಗಟ್ಟಲೆ ಕಾಯಬೇಕಿಲ್ಲ, ಕೆಲವು ಗಂಟೆ ಬಿಟ್ಟು ಕೇಳಿದರೆ ಸಾಕು. ಕಾರ್ಡ್ ಕಳೆದಿದೆ ಎನ್ನುವ `41`, ಕಳುವಾಗಿದೆ ಎನ್ನುವ `43`, ಗ್ರಾಹಕರೇ ರದ್ದು ಮಾಡಿದ ಮ್ಯಾಂಡೇಟ್ — ಇವಕ್ಕೆ ಯಾವ ವೇಳಾಪಟ್ಟಿಯೂ ಮದ್ದಲ್ಲ. ಅಲ್ಲಿ ಮರುಪ್ರಯತ್ನ ನಿಲ್ಲಿಸಿ, ಹೊಸ ಪಾವತಿ ದಾರಿ ಕೊಡಿ ಎಂದು ಗ್ರಾಹಕರಿಗೆ ಸಂದೇಶ ಕಳಿಸುವುದೊಂದೇ ಉಪಾಯ. ಎಲ್ಲ ಸೋಲುಗಳನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿದ ವರದಿ ನೋಡಿದರೆ ಯಾವ ತಾರೀಖೂ ಚೆನ್ನಾಗಿ ಕೆಲಸ ಮಾಡುತ್ತಿಲ್ಲ ಎಂದೇ ಕಾಣುತ್ತದೆ. `Z9` ಮಾತ್ರ ಬೇರೆ ತೆಗೆದಿಟ್ಟು, ಮರುಪ್ರಯತ್ನ ನಡೆದ ತಾರೀಖಿನಂತೆ ಜೋಡಿಸಿದಾಗ ಚಿತ್ರ ಬೇರೆಯೇ.

ಆ ಪಟ್ಟಿಯಲ್ಲಿ ತಿಂಗಳ ಕೊನೆಯ ವಾರ ಬೆಂಗಾಡು. ತಿಂಗಳು ಹೊರಳಿದ ಕೂಡಲೇ ವಸೂಲಿ ಏರುತ್ತದೆ. ಐದನೇ ತಾರೀಖಿನ ಸುಮಾರಿಗೆ ಮತ್ತೆ ಇಳಿಯುತ್ತದೆ, ಏಕೆಂದರೆ ಅಷ್ಟರಲ್ಲಿ ಬಾಡಿಗೆ, ಸಾಲದ ಕಂತು, ಮ್ಯೂಚುವಲ್ ಫಂಡಿನ ಎಸ್‌ಐಪಿ ಎಲ್ಲವೂ ಖಾತೆಗೆ ಕೈಹಾಕಿರುತ್ತವೆ. ಸಂಬಳಕ್ಕೂ ಕಂತಿಗೂ ನಡುವಿನ ಎರಡು ಮೂರು ದಿನಗಳೇ ತಿಂಗಳ ಸಂಬಳದವರ ವಿಷಯದಲ್ಲಿ ಬೆಲೆಬಾಳುವ ದಿನಗಳು.

ಇಷ್ಟಕ್ಕೇ ನಿಂತಿದ್ದರೆ ಎಲ್ಲರಿಗೂ ಒಂದನೇ ತಾರೀಖು ಎಂದು ಬರೆದು ಕೈತೊಳೆದುಕೊಳ್ಳಬಹುದಿತ್ತು. ಒಂದು ದಿನ ಗ್ರಾಹಕ ಸೇವೆಯ ಸಹೋದ್ಯೋಗಿಗೆ ಪೀಣ್ಯದ ಗಾರ್ಮೆಂಟ್ಸಿನಲ್ಲಿ ಕೆಲಸ ಮಾಡುವ ಮಹಿಳೆಯೊಬ್ಬರು ಕರೆ ಮಾಡಿದರು. ಚಂದಾ ಯಾಕೆ ನಿಲ್ಲಿಸಿದಿರಿ ಎಂಬುದು ಅವರ ತಕರಾರು. ಹಣ ಸಿಗಲಿಲ್ಲ ಎಂದಾಗ ಅವರು ಹೇಳಿದ್ದು: ‘ಮೇಡಂ, ನಮಗೆ ಸಂಬ್ಳ ಆಗೋದೇ ಏಳನೇ ತಾರೀಖು. ನೀವು ಒಂದನೇ ತಾರೀಖು ಕೇಳಿದ್ರೆ ಎಲ್ಲಿಂದ ತರೋಣ?’ 1936ರ ವೇತನ ಪಾವತಿ ಕಾಯ್ದೆ ಸಾವಿರಕ್ಕಿಂತ ಕಡಿಮೆ ಜನರಿರುವ ಕಾರ್ಖಾನೆಗೆ 7ನೇ ತಾರೀಖನ್ನೂ ಅದಕ್ಕಿಂತ ದೊಡ್ಡದಕ್ಕೆ 10ನೇ ತಾರೀಖನ್ನೂ ಸಂಬಳದ ಗಡುವಾಗಿ ಇಟ್ಟಿತ್ತು. ಕಾರ್ಖಾನೆಗಳ ರೂಢಿ ಅದರ ಸುತ್ತಲೇ ಬೆಳೆದಿದೆ. ಐಟಿ ಕಂಪನಿಯವರಿಗೆ ತಿಂಗಳ ಕೊನೆ, ಇವರಿಗೆ ಎರಡನೇ ವಾರದ ಹೊಸ್ತಿಲು. ಒಂದೇ ಆ್ಯಪಿನ ಚಂದಾದಾರರಿಗೆ ಎರಡು ಪಂಚಾಂಗ.

ಯಾರಿಗೆ ಯಾವಾಗ ಸಂಬಳ ಎಂದು ಕಂಪನಿಗೆ ಯಾರೂ ಹೇಳುವುದಿಲ್ಲ. ಕೇಳುವುದೂ ಅಷ್ಟು ಚೆನ್ನಾಗಿರುವುದಿಲ್ಲ. ಆದರೆ ಅವರದೇ ಹಳೆಯ ಪಾವತಿಗಳು ಅದನ್ನು ಹೇಳುತ್ತವೆ. ಹಿಂದಿನ ತಿಂಗಳುಗಳಲ್ಲಿ ಕಡಿತ ಯಾವ ತಾರೀಖಿಗೆ ಕೊನೆಗೂ ಯಶಸ್ವಿಯಾಯಿತು, ತಾವಾಗಿಯೇ ಹಣ ಕಟ್ಟಿದ್ದರೆ ಯಾವ ಹೊತ್ತಿಗೆ ಕಟ್ಟಿದರು ಎಂಬುದಕ್ಕಿಂತ ಒಳ್ಳೆಯ ಸುಳಿವು ಬೇರೊಂದಿಲ್ಲ. ಆ ಮಹಿಳೆಯ ಖಾತೆಯಲ್ಲಿ ಯಶಸ್ವಿ ಪಾವತಿಗಳೆಲ್ಲ 8ರಿಂದ 10ರ ಒಳಗೇ ಇದ್ದವು. ಹಾಗಾಗಿ ಅವರ ಹೊಸ ಸಾಲು ಹೀಗಾಯಿತು: 26ಕ್ಕೆ ಸೋತರೆ ಸುಮ್ಮನಿದ್ದು 8ರ ಬೆಳಗ್ಗೆ ಒಂದು ಪ್ರಯತ್ನ, 10ರ ರಾತ್ರಿ ಕೊನೆಯದು. ಮುಂದಿನ ತಿಂಗಳಿನಿಂದ ನವೀಕರಣದ ದಿನವನ್ನೇ 8ಕ್ಕೆ ಸರಿಸಿಕೊಳ್ಳಿ ಎಂಬ ಆಯ್ಕೆಯನ್ನೂ ಅವರಿಗೆ ಕೊಟ್ಟೆವು. ಮರುಪ್ರಯತ್ನವೇ ಬೇಡವಾಗುವ ವೇಳಾಪಟ್ಟಿ ಎಲ್ಲಕ್ಕಿಂತ ಮೇಲು ಎಂದು ನನ್ನ ಅಭಿಪ್ರಾಯ. ಇದೆಲ್ಲಕ್ಕೂ ಮ್ಯಾಂಡೇಟಿನಲ್ಲಿ ಜಾಗವಿರಬೇಕು. ‘ತಿಂಗಳ ಇಂಥ ದಿನವೇ’ ಎಂದು ಕಟ್ಟುನಿಟ್ಟಾಗಿ ಒಪ್ಪಿಗೆ ಪಡೆದಿದ್ದರೆ ತಾರೀಖು ಆಚೀಚೆ ಮಾಡಲಾಗುವುದಿಲ್ಲ.

ಹೊತ್ತಿನ ಲೆಕ್ಕ ದಿನಗೂಲಿಯವರಲ್ಲಿ, ಅಂಗಡಿಯವರಲ್ಲಿ, ಆಟೋ ಚಾಲಕರಲ್ಲಿ ಎದ್ದು ಕಾಣುತ್ತದೆ. ಇವರಿಗೆ ಸಂಬಳದ ದಿನವೆಂಬುದೇ ಇಲ್ಲ. ಬೆಳಗ್ಗೆ ಖಾತೆ ಬರಿದು, ದಿನದ ವ್ಯಾಪಾರ ಮುಗಿಯುವಾಗ ಕ್ಯೂಆರ್ ಮೂಲಕ ಬಂದ ಹಣ ಕೂತಿರುತ್ತದೆ. ಬೆಳಗ್ಗೆ 6ಕ್ಕೆ ಸೋತ ಕಡಿತವೇ ರಾತ್ರಿ 9.30 ದಾಟಿದ ಮೇಲೆ ಗೆಲ್ಲುತ್ತದೆ. ಸಂಬಳದವರಿಗೆ ಬೆಳಗಿನ ಸರದಿ ಒಳ್ಳೆಯದು, ಬೇರೆ ಖರ್ಚುಗಳು ಆರಂಭವಾಗುವ ಮೊದಲೇ ಕೆಲಸ ಮುಗಿದಿರುತ್ತದೆ.

ಹೆಚ್ಚು ಸಲ ಕೇಳಿದಷ್ಟೂ ಹೆಚ್ಚು ಹಣ ಎಂಬ ನಂಬಿಕೆ ಮ್ಯಾನೇಜರುಗಳಲ್ಲಿ ಗಟ್ಟಿಯಾಗಿದೆ. ಪ್ರತಿ ಸೋಲಿಗೂ ಗ್ರಾಹಕರ ಫೋನಿಗೆ ಒಂದು ಸಂದೇಶ ಹೋಗುತ್ತದೆ ಎಂಬುದು ಅವರಿಗೆ ನೆನಪಿರುವುದಿಲ್ಲ. ಮೂರು ದಿನ ಸಾಲಾಗಿ ‘ಪಾವತಿ ವಿಫಲ’ ಎಂದು ಓದಿದವರು ನಾಲ್ಕನೇ ದಿನ ಯುಪಿಐ ಆ್ಯಪ್ ತೆರೆದು ಮ್ಯಾಂಡೇಟನ್ನೇ ರದ್ದು ಮಾಡುತ್ತಾರೆ. ಹೋದದ್ದು ಆ ತಿಂಗಳ 199 ರೂಪಾಯಿ ಮಾತ್ರವಲ್ಲ, ಮುಂದಿನ ತಿಂಗಳುಗಳದ್ದೂ. ಬ್ಯಾಂಕ್ ಖಾತೆಯಿಂದ ನೇರ ಕಡಿತವಾಗುವ ನಾಚ್ ವ್ಯವಸ್ಥೆಯಲ್ಲಂತೂ ಸೋತ ಕಡಿತಕ್ಕೆ ಬ್ಯಾಂಕು ಗ್ರಾಹಕರಿಂದಲೇ ದಂಡ ಹಿಡಿಯುತ್ತದೆ. 199ರ ಚಂದಾಕ್ಕಿಂತ ದಂಡವೇ ದೊಡ್ಡದಾಗಬಹುದು.

ಕಾರ್ಡ್ ಕಂಪನಿಗಳೂ ಇದಕ್ಕೆ ಬೇಲಿ ಹಾಕಿವೆ. ಒಮ್ಮೆ ನಿರಾಕರಿಸಿದ ಪಾವತಿಯನ್ನು 30 ದಿನಗಳಲ್ಲಿ 15ಕ್ಕಿಂತ ಹೆಚ್ಚು ಸಲ ಕೇಳಬಾರದು ಎನ್ನುತ್ತದೆ ವೀಸಾ. ಮಾಸ್ಟರ್‌ಕಾರ್ಡ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ನಿರಾಕರಣೆಯ ಜೊತೆಗೇ ಸಲಹೆಯ ಕೋಡ್ ಕಳಿಸುತ್ತದೆ: `24` ಬಂದರೆ ಒಂದು ಗಂಟೆ ಬಿಟ್ಟು, `25` ಬಂದರೆ 24 ಗಂಟೆ ಬಿಟ್ಟು, `30` ಬಂದರೆ 10 ದಿನ ಬಿಟ್ಟು ಪ್ರಯತ್ನಿಸಿ ಎಂದರ್ಥ. `03` ಎಂದರೆ ಮತ್ತೆ ಕೇಳಲೇಬೇಡಿ.

ವೇಳಾಪಟ್ಟಿ ಗೆದ್ದಿತೋ ಇಲ್ಲವೋ ಎಂದು ಅಳೆಯುವಲ್ಲೂ ಒಂದು ತೊಡಕಿದೆ. ಹೊಸ ಸಾಲು ಜಾರಿಯಾದ ತಿಂಗಳು ವಸೂಲಿ ಏರಿದರೆ ಅದು ಬೋನಸ್ಸಿನ ತಿಂಗಳೂ ಆಗಿರಬಹುದು. ಆದ್ದರಿಂದ ಸೋತ ಗ್ರಾಹಕರನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದಕ್ಕೆ ಹಳೆಯ ಸಾಲು, ಇನ್ನೊಂದಕ್ಕೆ ಹೊಸದು ಎಂದು ಒಂದೇ ಕಾಲದಲ್ಲಿ ನಡೆಸಬೇಕು. ಆ ತಿಂಗಳ ಹಣದ ಜೊತೆಗೆ, ಎರಡೂ ಗುಂಪಿನಲ್ಲಿ ಮುಂದಿನ ಮೂರು ತಿಂಗಳು ಮ್ಯಾಂಡೇಟ್ ಜೀವಂತವಾಗಿ ಉಳಿದವರೆಷ್ಟು, ಕಡಿತವಾದ ಕೂಡಲೇ ಹಣ ವಾಪಸ್ ಕೇಳಿದವರೆಷ್ಟು ಎಂದು ಎಣಿಸಬೇಕು. 10ನೇ ತಾರೀಖಿನವರೆಗೆ ಕಾಯುವಾಗ ಎರಡು ವಾರ ಸೇವೆ ಪುಕ್ಕಟೆ ಹೋಗುತ್ತದೆ. ವಿಡಿಯೊ ತೋರಿಸುವ ಆ್ಯಪಿಗೆ ಅದರ ಖರ್ಚು ಅತ್ಯಲ್ಪ. ಮನೆಗೆ ಹಾಲು ತರಕಾರಿ ತಲುಪಿಸುವ ಚಂದಾದಲ್ಲಿ ಅದೇ ಎರಡು ವಾರ ಕೈಯಿಂದ ಹೋದ ಸರಕು, ಅಲ್ಲಿ ಕಾಯುವಿಕೆಗೆ ಎರಡು ಮೂರು ದಿನದ ಮಿತಿ ಹಾಕದೆ ವಿಧಿಯಿಲ್ಲ.