ತಳ್ಳುವ ಕೈಗೆ ಸಿಗುವ ಉತ್ತರ

ಪಿಯುಸಿ ಮಕ್ಕಳಿಗೆ ಲೆನ್ಜ್ ನಿಯಮ ಕಲಿಸುತ್ತ ನನಗೆ ಮನದಟ್ಟಾದ ನಾಲ್ಕು ಮಾತುಗಳು ಇವು.

1. ಫ್ಲಕ್ಸಿನಿಂದಲ್ಲ, ಎಲೆಕ್ಟ್ರಾನಿನಿಂದ ಶುರು ಮಾಡಿ. ಮೇಜಿನ ಮೇಲೆ ಎರಡು ಸಮಾಂತರ ಹಳಿಗಳಿವೆ, ಅವುಗಳ ಮೇಲೆ ಅಡ್ಡಲಾಗಿ ಒಂದು ತಾಮ್ರದ ಸರಳು. ಕಾಂತಕ್ಷೇತ್ರ ಮೇಜಿನೊಳಕ್ಕೆ ಇಳಿಯುತ್ತಿದೆ. ಸರಳನ್ನು ಬಲಕ್ಕೆ ತಳ್ಳಿದರೆ ಒಳಗಿನ ಎಲೆಕ್ಟ್ರಾನುಗಳೂ ಬಲಕ್ಕೆ ಹೋಗುತ್ತವೆ. ಕ್ಷೇತ್ರದಲ್ಲಿ ಚಲಿಸುವ ವಿದ್ಯುದಂಶದ ಮೇಲೆ ಅಡ್ಡಬಲ ಬೀಳುವುದರಿಂದ ಅವು ನಮ್ಮ ಕಡೆಯ ತುದಿಗೆ ಸರಿಯುತ್ತವೆ. ಚಲನೆಯಿಂದ ಹುಟ್ಟುವ ಇಎಂಎಫ್ ಎಂದರೆ ಇಷ್ಟೇ.

2. ಒಂದು ಲೆಕ್ಕವನ್ನು ಕೊನೆಯವರೆಗೂ ಮಾಡಿಸಿ. ಕ್ಷೇತ್ರ 0.5 ಟೆಸ್ಲಾ, ಹಳಿಗಳ ಅಂತರ 0.2 ಮೀಟರ್, ವೇಗ ಸೆಕೆಂಡಿಗೆ 4 ಮೀಟರ್. ಮೂರನ್ನೂ ಗುಣಿಸಿದರೆ ಇಎಂಎಫ್ 0.4 ವೋಲ್ಟ್. ಹಳಿಗಳ ಒಂದು ಕಡೆಯ ತುದಿಗಳನ್ನು ತಂತಿಯಿಂದ ಜೋಡಿಸಿದಾಗ ಆಗುವ ಮಂಡಲದ ರೋಧ 0.2 ಓಮ್ ಆದರೆ 2 ಆಂಪಿಯರ್ ಹರಿಯುತ್ತದೆ. ಹೆಚ್ಚಿನವರು ಇಲ್ಲಿಗೇ ಪೆನ್ನು ಕೆಳಗಿಡುತ್ತಾರೆ. ನಿಜವಾದ ಸ್ವಾರಸ್ಯ ಇರುವುದು ಮುಂದಿನ ಹೆಜ್ಜೆಯಲ್ಲಿ. ವಿದ್ಯುತ್ ಹರಿಯುವ ಸರಳೂ ಅದೇ ಕ್ಷೇತ್ರದಲ್ಲಿದೆಯಲ್ಲ, ಅದರ ಮೇಲೆ 0.2 ನ್ಯೂಟನ್ ಬಲ ಎಡಕ್ಕೆ ಬೀಳುತ್ತದೆ. ವೇಗ ಕುಗ್ಗದಂತೆ ನೋಡಿಕೊಳ್ಳಲು ಕೈ ಅಷ್ಟೇ ಬಲವನ್ನು ಬಲಕ್ಕೆ ಹಾಕಬೇಕು. ಕೈ ಒದಗಿಸುವ ಸಾಮರ್ಥ್ಯ 0.2 × 4, ಅಂದರೆ 0.8 ವ್ಯಾಟ್. ತಂತಿ ಬಿಸಿಯಾಗಿ ವ್ಯಯವಾಗುವುದು 0.4 × 2, ಅದೂ 0.8 ವ್ಯಾಟ್. ಒಂದು ಪೈಸೆ ಹೆಚ್ಚಿಲ್ಲ, ಕಡಿಮೆಯಿಲ್ಲ.

ಈಗ ಬಲದ ದಿಕ್ಕನ್ನು ಬೇಕೆಂದೇ ತಿರುಗಿಸಿ ನೋಡಲಿ. ಸರಳು ತಾನೇ ವೇಗ ಹೆಚ್ಚಿಸಿಕೊಳ್ಳುತ್ತದೆ, ಆಗ ಇಎಂಎಫ್ ಹೆಚ್ಚುತ್ತದೆ, ವಿದ್ಯುತ್ ಹೆಚ್ಚುತ್ತದೆ, ವೇಗ ಮತ್ತೂ ಏರುತ್ತದೆ. ಯಾರೂ ತಳ್ಳದೆಯೇ ತಂತಿ ಬಿಸಿಯಾಗುತ್ತಲೇ ಇರುತ್ತದೆ! 1834ರಲ್ಲಿ ಲೆನ್ಜ್ ಹೇಳಿದ ವಿರೋಧಕ್ಕೆ ಶಕ್ತಿಸಂರಕ್ಷಣೆಯೇ ಆಧಾರ ಎನ್ನುವುದು ಆಗ ಮಕ್ಕಳಿಗೇ ಹೊಳೆಯುತ್ತದೆ.

3. ವಿರೋಧ ಬದಲಾವಣೆಗೆ, ಕ್ಷೇತ್ರಕ್ಕಲ್ಲ. ಉತ್ತರಪತ್ರಿಕೆಗಳಲ್ಲಿ ಅತಿ ಹೆಚ್ಚು ಕಾಣುವ ತಪ್ಪು ಇದೇ. ಆಯಸ್ಕಾಂತ ಉಂಗುರದ ಹತ್ತಿರ ಬರುವಾಗ ಉಂಗುರ ಅದನ್ನು ದೂಡುತ್ತದೆ, ನಿಜ. ದೂರ ಹೋಗುವಾಗ ಎಳೆಯುತ್ತದೆ. ಎರಡನೆಯ ಸಲ ಪ್ರೇರಿತ ಕ್ಷೇತ್ರವೂ ಆಯಸ್ಕಾಂತದ ಕ್ಷೇತ್ರವೂ ಒಂದೇ ದಿಕ್ಕಿನಲ್ಲಿರುತ್ತವೆ.

4. ವಿರೋಧ ಎಂದರೆ ತಡೆದು ನಿಲ್ಲಿಸುವುದಲ್ಲ. ತಾಮ್ರದ ಕೊಳವೆಯಲ್ಲಿ ಬಿಟ್ಟ ನಿಯೋಡಿಮಿಯಮ್ ಆಯಸ್ಕಾಂತ ನಿಧಾನವಾಗಿ ಇಳಿಯುತ್ತದೆ, ಆದರೆ ಅಲ್ಲೇ ನೇತಾಡುವುದಿಲ್ಲ. ನಿಂತರೆ ಬದಲಾವಣೆಯಿಲ್ಲ, ಬದಲಾವಣೆಯಿಲ್ಲದಿದ್ದರೆ ವಿದ್ಯುತ್ತೂ ಇಲ್ಲ. ಮಂಡಲ ತೆರೆದಿದ್ದರಂತೂ ಇಎಂಎಫ್ ಇರುತ್ತದೆ, ವಿದ್ಯುತ್ ಹರಿಯುವುದಿಲ್ಲ, ಹಾಗಾಗಿ ಈ ವಿರೋಧವೂ ಇರುವುದಿಲ್ಲ.

ಕೊಳವೆ ಸಿಗದಿದ್ದರೆ ಹಳೇ ಆಟಿಕೆಯ ಡಿಸಿ ಮೋಟಾರ್ ಸಾಕು. ಅದರ ದಂಡವನ್ನು ಬೆರಳಲ್ಲಿ ತಿರುಗಿಸಿ, ಆಮೇಲೆ ಎರಡೂ ತಂತಿಗಳನ್ನು ಒಂದಕ್ಕೊಂದು ತಾಗಿಸಿ ಮತ್ತೆ ತಿರುಗಿಸಿ. ಯಾವಾಗ ಬಿಗಿಯಾಯಿತು ಎಂದು ನಿಮ್ಮ ಮಕ್ಕಳನ್ನೇ ಕೇಳಿ.