ಸದಸ್ಯರ ಖತಾವಣಿ: ಒಂದೇ ಪುಟದಲ್ಲಿ ಎರಡು ಸಾಲ

ಪ್ರಶ್ನೆ: ನಾನು ಜಮಖಂಡಿ ತಾಲ್ಲೂಕಿನ ತುಬಚಿಯವನು. ಕೃಷಿ ಪತ್ತಿನ ಸಹಕಾರ ಸಂಘವೊಂದರಲ್ಲಿ ಲೆಕ್ಕ ಬರೆಯುತ್ತೇನೆ. ನಮ್ಮ ಖತಾವಣಿಯಲ್ಲಿ ಸದಸ್ಯನಿಗೊಂದು ಪುಟ. ಶೇರು, ಸಾಲ, ಪಾವತಿ ಎಲ್ಲವೂ ಅದರಲ್ಲೇ, ಕೊನೆಗೆ ‘ಬಾಕಿ’ ಎಂಬ ಒಂದೇ ಕಾಲಂ. ಬೆಳೆಸಾಲದ ಜೊತೆಗೆ ಪೈಪ್‌ಲೈನ್ ಸಾಲವನ್ನೂ ಪಡೆದವರ ಪುಟಗಳು ಸಂಘದ ಒಟ್ಟು ಲೆಕ್ಕಕ್ಕೆ ತಾಳೆಯಾಗುತ್ತಿಲ್ಲ. ಹೊಸ ಖತಾವಣಿಯನ್ನು ಹೇಗೆ ರಚಿಸಬೇಕು?

ಉತ್ತರ: ತೊಂದರೆ ಇರುವುದು ಆ ‘ಬಾಕಿ’ ಕಾಲಂನಲ್ಲೇ. ಒಬ್ಬ ಸದಸ್ಯನನ್ನು ತೆಗೆದುಕೊಳ್ಳಿ. ಅವನ ಸದಸ್ಯ ಸಂಖ್ಯೆ 214, ಬೆಳೆಸಾಲ ಒಂದು ಲಕ್ಷ ಇದೆ. 2024ರ ನವೆಂಬರ್ 4ರಂದು ಪೈಪ್‌ಲೈನಿಗೆ ಎರಡು ಲಕ್ಷ ಸಾಲ ಮಂಜೂರಾಯಿತು. ಸಾಲದ ಶೇ. 5ರಷ್ಟು ಶೇರು ಹಿಡಿಯುವ ಉಪವಿಧಿ ನಿಮ್ಮದು ಎಂದಿಟ್ಟುಕೊಳ್ಳೋಣ. ಹತ್ತು ಸಾವಿರ ಶೇರಿಗೆ ಹೋಗಿ, ಅವನ ಕೈಗೆ ಬಂದದ್ದು 1,90,000. ಕೈಗೆ ಬಂದಷ್ಟನ್ನೇ ಸಾಲವೆಂದು ಬರೆಯುವವರಿದ್ದಾರೆ, ಅದು ತಪ್ಪು. ಸಾಲದ ಖಾತೆಗೆ ಪೂರ್ತಿ 2,00,000 ನಾವೆ, ಶೇರು ಖಾತೆಗೆ 10,000 ಜಮಾ. ಇವು ಎರಡು ಬೇರೆ ನಮೂದುಗಳು.

ಜನವರಿ 16ರಂದು ಕಬ್ಬಿನ ಬಿಲ್ಲು ಬಂತು, ಅವನು 30,000 ಕಟ್ಟಿದ. ನಿಮ್ಮ ಈಗಿನ ಪುಟದಲ್ಲಿ ಮೂರು ಲಕ್ಷದಿಂದ ಅದನ್ನು ಕಳೆದು 2,70,000 ಎಂದು ಬರೆದುಬಿಡುತ್ತೀರಿ. ಆ ಹಣ ಯಾವ ಸಾಲಕ್ಕೆ ಬಂತು, ಅದರಲ್ಲಿ ಬಡ್ಡಿ ಎಷ್ಟು, ಅಸಲು ಎಷ್ಟು ಎಂಬುದು ಆ ಅಂಕಿಯಿಂದ ತಿಳಿಯುವುದಿಲ್ಲ. ಪೈಪ್‌ಲೈನ್ ಸಾಲಕ್ಕೆ ವರ್ಷಕ್ಕೆ ಶೇ. 10 ಬಡ್ಡಿ ಎಂದು ಹಿಡಿದರೆ, 73 ದಿನಕ್ಕೆ ಆಗುವ ಬಡ್ಡಿ 4,000. ಹಣ ಆ ಸಾಲಕ್ಕೇ ಬಂದಿದ್ದರೆ ಅಸಲಿಗೆ ಸಂದದ್ದು 26,000, ಉಳಿದ ಅಸಲು 1,74,000. ಕಿರ್ದಿಯಲ್ಲಿ 4,000 ಬಡ್ಡಿ ಎಂದು ಜಮಾ ಆಗಿರುತ್ತದೆ, ಸದಸ್ಯನ ಪುಟದಲ್ಲಿ ಮಾತ್ರ ಅದೂ ಅಸಲಿನಲ್ಲಿ ಕಳೆದುಹೋಗಿರುತ್ತದೆ. ನಿಮಗೆ ತಾಳೆಯಾಗದಿರುವ ವ್ಯತ್ಯಾಸ ಬಹುಪಾಲು ಇಂಥದ್ದೇ ಇರಬೇಕು. ಪರೀಕ್ಷಿಸುವುದು ಸುಲಭ: ಒಬ್ಬ ಸದಸ್ಯನ ಪುಟದಲ್ಲಿ ಕಡಿಮೆ ಬಿದ್ದ ಮೊತ್ತ, ಅವನ ರಸೀದಿಗಳಲ್ಲಿರುವ ಬಡ್ಡಿಯ ಮೊತ್ತಕ್ಕೆ ಸರಿಹೋಗುತ್ತದೆಯೇ ನೋಡಿ.

ಆದ್ದರಿಂದ ಸದಸ್ಯನಿಗೊಂದು ಪುಟ ಸಾಲದು, ಪ್ರತಿ ಖಾತೆಗೂ ಒಂದು ಬೇಕು. 214ರ ಶೇರು ಒಂದು ಖಾತೆ, ಬೆಳೆಸಾಲ ಇನ್ನೊಂದು, ಪೈಪ್‌ಲೈನ್ ಸಾಲ ಮತ್ತೊಂದು; ಈ ಕೊನೆಯದರ ಖಾತೆ ಸಂಖ್ಯೆ M-214-1 ಎಂದಿರಲಿ. ಬೆಳೆಸಾಲವನ್ನು ನವೀಕರಿಸಿದರೂ ಹಳೆಯ ಖಾತೆ ಮುಚ್ಚಿ ಹೊಸ ಸಂಖ್ಯೆ ಕೊಡಿ. ಅದೇ ಪುಟ ಮುಂದುವರಿಸಿದರೆ ಹಿಂದಿನ ಸಾಲ ಯಾವ ದಿನ ತೀರಿತೆಂದು ತೋರಿಸಲಾಗದು. ಈ ದಿನಾಂಕಕ್ಕೆ ಬೆಲೆಯಿದೆ. ರಾಜ್ಯದಲ್ಲಿ 2023-24ರಿಂದ ಐದು ಲಕ್ಷದವರೆಗಿನ ಬೆಳೆಸಾಲಕ್ಕೆ ಸಿಗುವ ಶೂನ್ಯ ಬಡ್ಡಿ, ವಾಯಿದೆಯೊಳಗೆ ಕಟ್ಟಿದವರಿಗೆ ಮಾತ್ರ. ಹಾಗಾಗಿ ಹಣ ತಂದವನನ್ನು ಯಾವ ಸಾಲಕ್ಕೆಂದು ಕೇಳಿ, ಅದನ್ನು ರಸೀದಿಯಲ್ಲೇ ಬರೆಯಿರಿ. ಬೆಳೆಸಾಲದ ವಾಯಿದೆ ಹತ್ತಿರವಿದ್ದರೆ ಅದನ್ನೂ ಅವನಿಗೆ ಹೇಳಿ.

ಕಂಪ್ಯೂಟರಿನಲ್ಲಿ ಬರೆಯುವುದಾದರೆ ವಹಿವಾಟಿನ ಹಾಳೆ ಒಂದೇ ಸಾಕು. ಅದರ ಕಾಲಂಗಳು ಕ್ರಮವಾಗಿ ದಿನಾಂಕ, ರಸೀದಿ ಅಥವಾ ವೋಚರ್ ಸಂಖ್ಯೆ, ಸದಸ್ಯ ಸಂಖ್ಯೆ, ಖಾತೆ ಸಂಖ್ಯೆ, ಅಸಲು, ಬಡ್ಡಿ. ಕೊಟ್ಟ ಸಾಲ ಅಸಲಿನ ಕಾಲಂನಲ್ಲಿ ಕೂಡುವ ಅಂಕಿ, ಮರುಪಾವತಿ ಕಳೆಯುವ ಅಂಕಿ. ಬಾಕಿಯನ್ನು ಕೈಯಿಂದ ಬರೆಯುವ ಜಾಗವೇ ಇರಬಾರದು, ಅದು ಲೆಕ್ಕದಿಂದಲೇ ಹುಟ್ಟಬೇಕು:

```
=SUMIFS(E:E, D:D, "M-214-1")
```

ಮೇಲಿನ ಸಾಲಕ್ಕೆ ಇದು 2,00,000ದಿಂದ 26,000 ಕಳೆದು 1,74,000 ತೋರಿಸುತ್ತದೆ. ಪ್ರತಿ ತಿಂಗಳ ಕೊನೆಗೆ ಎಲ್ಲ ಪೈಪ್‌ಲೈನ್ ಸಾಲಗಳ ಬಾಕಿ ಕೂಡಿಸಿ ಸಾಮಾನ್ಯ ಖತಾವಣಿಯ ಅದೇ ಶೀರ್ಷಿಕೆಗೆ ಹೋಲಿಸಿ. ಮಾರ್ಚ್ ತನಕ ಕಾದರೆ ತಪ್ಪು ಎಲ್ಲಿದೆಯೆಂದು ಹುಡುಕಲು ಇಡೀ ವರ್ಷದ ರಸೀದಿ ತೆಗೆಯಬೇಕಾಗುತ್ತದೆ.

ಇನ್ನೊಂದು ಮಾತು. ಹಾಳೆಯಲ್ಲಿ ಹೆಸರಿನಿಂದ ಹುಡುಕಬೇಡಿ. ಒಂದೇ ಅಡ್ಡಹೆಸರಿನ, ಒಂದೇ ಹೆಸರಿನ ನಾಲ್ಕು ಮಂದಿ ಇಲ್ಲದ ಊರು ನಮ್ಮ ಕಡೆ ಉಂಟೆ? ಸದಸ್ಯತ್ವ ಬಿಟ್ಟವನ ಸಂಖ್ಯೆಯನ್ನೂ ಬೇರೊಬ್ಬರಿಗೆ ಕೊಡಬಾರದು.

ಪ್ರಶ್ನೆ: ಒಬ್ಬರ ಪಾವತಿ ಇನ್ನೊಬ್ಬರ ಖಾತೆಗೆ ಬಿದ್ದಿದೆ. ಅಳಿಸಿ ಬರೆಯಬಹುದೇ? (ಬೀಳಗಿಯ ಓದುಗರು)

ಉತ್ತರ: ಬೇಡ. ತಪ್ಪು ನಮೂದು ಹಾಗೇ ಇರಲಿ. ಗೊತ್ತಾದ ದಿನದ ದಿನಾಂಕದಲ್ಲಿ ಅಷ್ಟೇ ಮೊತ್ತದ ತಿರುವು ನಮೂದು ಹಾಕಿ, ಹಳೆಯ ರಸೀದಿ ಸಂಖ್ಯೆ ಕಾಣಿಸಿ, ಸರಿಯಾದ ಖಾತೆಗೆ ಜಮಾ ಮಾಡಿ. ಬಡ್ಡಿಯನ್ನು ಮಾತ್ರ ಹಣ ಕಟ್ಟಿದ ಮೂಲ ದಿನಾಂಕದಿಂದ ಲೆಕ್ಕ ಹಾಕಬೇಕು, ನಿಮ್ಮ ತಪ್ಪಿಗೆ ಸದಸ್ಯ ಬಡ್ಡಿ ತೆರಬಾರದು. ತಿರುವು ವೋಚರಿಗೆ ಕಾರ್ಯದರ್ಶಿಯ ಸಹಿ ಇರಲಿ. ಇಬ್ಬರು ಸದಸ್ಯರಿಗೂ ಹೊಸ ಬಾಕಿ ಪತ್ರ ಕೊಟ್ಟು, ನಕಲಿನ ಮೇಲೆ ಅವರ ಸಹಿ ಪಡೆದು ಕಡತದಲ್ಲಿಡಿ.