ಅಜ್ಜಿಯ ಮುಖ ಅಜ್ಜಿಯದೇ ಇರಲಿ

ಮದುವೆಯ ಹಳೆಯ ವಿಎಚ್‌ಎಸ್ ಕ್ಯಾಸೆಟ್ಟನ್ನು ಎಐನಿಂದ ಒಮ್ಮೆಗೇ 4ಕೆ ಮಾಡಲು ಹೊರಟಿದ್ದೀರಾ? ಸ್ವಲ್ಪ ತಡೆಯಿರಿ. ಡಿಜಿಟಲ್‌ಗೆ ಇಳಿಸಿದಾಗ ಸಿಗುವುದು ಸಾಮಾನ್ಯವಾಗಿ 720×576 ಪಿಕ್ಸೆಲ್. ಊಟದ ಪಂಕ್ತಿಯ ತುದಿಯಲ್ಲಿ ಕೂತ ಅಜ್ಜಿಯ ಮುಖಕ್ಕೆ ಅದರಲ್ಲಿ ಇಪ್ಪತ್ತು ಪಿಕ್ಸೆಲ್ ಅಗಲ ದಕ್ಕಿದರೆ ಹೆಚ್ಚು. ಉಳಿದದ್ದನ್ನು ಎಐ ಊಹಿಸಿ ಬಿಡಿಸುತ್ತದೆ.

ಮೊದಲು ಡಿಇಂಟರ್‌ಲೇಸ್ ಮಾಡಿ. ಇಲ್ಲದಿದ್ದರೆ ಕೈಯಾಡಿದಲ್ಲೆಲ್ಲ ಕಾಣುವ ಬಾಚಣಿಗೆ ಹಲ್ಲಿನಂಥ ಗೆರೆಗಳನ್ನೂ ಎಐ ವಿವರವೆಂದೇ ತಿಳಿದು ಗಟ್ಟಿ ಮಾಡುತ್ತದೆ. ಹಿಗ್ಗಿಸುವುದು ಎರಡು ಪಟ್ಟು ಸಾಕು. ಗುಂಪಿನ ದೃಶ್ಯಗಳಲ್ಲಿ ಮುಖ ತಿದ್ದುವ ಆಯ್ಕೆ ಬೇಡವೇ ಬೇಡ.

ಹತ್ತು ಸೆಕೆಂಡಿನ ತುಣುಕನ್ನು ಮೊದಲು ಮಾಡಿ, ಓಡಿಸಿಯೇ ನೋಡಿ. ಕೆನ್ನೆಯ ಸುಕ್ಕೆಲ್ಲ ಅಳಿಸಿಹೋಗಿದ್ದರೆ, ತಲೆ ತಿರುಗಿಸುವಾಗ ಕಣ್ಣು, ಹಲ್ಲಿನ ಆಕಾರ ಬದಲಾದರೆ, ಸೀರೆಯ ಜರಿ ತಾನಾಗಿ ಹರಿದಾಡಿದರೆ ಅತಿಯಾಯಿತೆಂದೇ ಲೆಕ್ಕ. ಮೂಲ ಫೈಲನ್ನಂತೂ ಅಳಿಸಬೇಡಿ.